ಮೊದಲ 60 ಫ್ರೇಮುಗಳಲ್ಲಿ ಒಂದು ಇಡ್ಲಿ ತಟ್ಟೆ

ಪ್ರಶ್ನೆ: ಪುಣೆಯ ಕೋಥ್ರೂಡಿನಲ್ಲಿ ನಾನು, ನನ್ನ ತಮ್ಮ ಇಬ್ಬರೇ ಸೇರಿ ಉಡುಪಿ ಹೋಟೆಲಿನ ತಟ್ಟೆಗಳ ಒಂದು ಮೊಬೈಲ್ ಆಟ ಮಾಡಿದ್ದೇವೆ. ರಾಶಿಯಲ್ಲಿರುವ ತಟ್ಟೆಯನ್ನು ಮುಟ್ಟಿದರೆ ಅದು ಕೆಳಗಿನ 7 ಮನೆಗಳ ಟ್ರೇಗೆ ಬರುತ್ತದೆ. ಒಂದೇ ತಿಂಡಿಯ 3 ತಟ್ಟೆ ಸೇರಿದರೆ ಗಿರಾಕಿಗೆ ಹೋಗುತ್ತದೆ. 7 ಮನೆಯೂ ತುಂಬಿಬಿಟ್ಟರೆ ಸೋಲು. 20 ಸೆಕೆಂಡಿನ ಜಾಹೀರಾತು ಮಾಡಿದ್ದೇವೆ. ಮೊದಲು ಲೋಗೊ, ಆಮೇಲೆ ಗಲ್ಲಾದಲ್ಲಿ ಕೂತ ಮಾಲೀಕರು ಕೂಗಾಡುವ ದೃಶ್ಯ, 6ನೇ ಸೆಕೆಂಡಿಗೆ ಆಟ. ಯಾರೂ ನಿಂತು ನೋಡುತ್ತಿಲ್ಲ. ಮೊದಲ 2 ಸೆಕೆಂಡಿನೊಳಗೆ ನಿಜವಾದ ಆಟ ಕಾಣಿಸಬೇಕು ಎನ್ನುತ್ತಾರೆ. ಲೋಗೊ ತೆಗೆದು ಆಟದ ರೆಕಾರ್ಡಿಂಗನ್ನು ಮುಂದಕ್ಕೆ ತಂದರೆ ಸಾಕೇ? ಸ್ಕ್ರಿಪ್ಟ್ ಹೇಗೆ ಬರೆಯಬೇಕು?

ಉತ್ತರ: ಸಾಲದು. ರೆಕಾರ್ಡಿಂಗನ್ನು ಹಾಗೆಯೇ ಮುಂದಕ್ಕೆ ಎಳೆದರೆ ಮೊದಲ 2 ಸೆಕೆಂಡಿನಲ್ಲಿ ಕಾಣುವುದು ತಟ್ಟೆಗಳ ರಾಶಿ ಮಾತ್ರ. ಲೆವೆಲ್ ತೆರೆದುಕೊಳ್ಳುತ್ತದೆ, ತಟ್ಟೆಗಳು ಮೇಲಿನಿಂದ ಉದುರಿ ನೆಲೆ ನಿಲ್ಲುತ್ತವೆ, ಬೆರಳು ಮೊದಲ ತಟ್ಟೆಯನ್ನು ಹುಡುಕುತ್ತದೆ, ಅಷ್ಟರಲ್ಲಿ ನೋಡುವವರ ಹೆಬ್ಬೆರಳು ಮುಂದಿನ ವಿಡಿಯೊಗೆ ಜಾರಿರುತ್ತದೆ. ಆಟದ ಪರದೆ ಕಂಡಿತು ಎಂದ ಮಾತ್ರಕ್ಕೆ ಆಟ ಕಂಡಂತಾಗುವುದಿಲ್ಲ. ಆಟಗಾರ ಏನು ಮಾಡಿದ, ಯಾವ ನಿಯಮದಂತೆ ಅದಕ್ಕೆ ಉತ್ತರ ಬಂತು, ಅದರಿಂದ ಏನು ಬದಲಾಯಿತು ಎಂಬ ಮೂರೂ ಒಂದೇ ಉಸಿರಿನಲ್ಲಿ ಕಂಡಾಗ ಮಾತ್ರ ಅಪರಿಚಿತನೊಬ್ಬನಿಗೆ ‘ಇದು ಹೀಗೆ ಆಡುವ ಆಟ’ ಎಂದು ಹೊಳೆಯುತ್ತದೆ. ಆದ್ದರಿಂದ 2 ಸೆಕೆಂಡಿನ ಒಳಗೆ ಒಂದು ನಡೆ ಆರಂಭವಾದರೆ ಸಾಲದು, ಅದು ಮುಗಿಯಬೇಕು. ನಿಮ್ಮ ಆಟದ ಮಟ್ಟಿಗೆ ಒಂದು ನಡೆ ಎಂದರೆ ಮೂರನೆಯ ತಟ್ಟೆ ಸೇರಿ ಗಿರಾಕಿಗೆ ಹೋಗುವುದು. ಒಂದು ತಟ್ಟೆ ಟ್ರೇಗೆ ಬಂದು ಕೂರುವುದು ನಡೆಯಲ್ಲ, ಅದು ನಡೆಯ ಮೂರನೆಯ ಒಂದು ಪಾಲು.

ಸ್ಕ್ರಿಪ್ಟ್ ಬರೆಯುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ 2 ಸೆಕೆಂಡ್ ಎಂದರೆ 60 ಫ್ರೇಮು. ನಿಮ್ಮ ಆಟವನ್ನು ರೆಕಾರ್ಡ್ ಮಾಡಿ, ಎಡಿಟಿಂಗ್ ತಂತ್ರಾಂಶದಲ್ಲಿ ಒಂದೊಂದೇ ಫ್ರೇಮು ಸರಿಸುತ್ತ, ಬೆರಳು ಮುಟ್ಟಿದ ಕ್ಷಣದಿಂದ ತಟ್ಟೆ ಟ್ರೇ ಸೇರುವವರೆಗೆ ಎಷ್ಟು ಫ್ರೇಮು ಹಿಡಿಯುತ್ತದೆ, ಮೂರು ಸೇರಿದ ಮೇಲೆ ಅವು ಮಾಯವಾಗಲು ಎಷ್ಟು ಹಿಡಿಯುತ್ತದೆ ಎಂದು ಎಣಿಸಿ. ಇಂಥ ಆಟಗಳಲ್ಲಿ ಹಾರಾಟಕ್ಕೆ ಸುಮಾರು 14, ಕೂಡಿ ಮಾಯವಾಗುವುದಕ್ಕೆ ಸುಮಾರು 14 ಫ್ರೇಮು ಎಂದಿಟ್ಟುಕೊಳ್ಳೋಣ. ಮೂರು ತಟ್ಟೆಗಳನ್ನೂ ಮೊದಲಿನಿಂದ ಮುಟ್ಟಿ ತೋರಿಸಲು ಹೊರಟರೆ ಮೂರು ಹಾರಾಟಗಳಿಗೇ 42 ಫ್ರೇಮು, ನಡುವೆ ಬೆರಳು ಅತ್ತಿತ್ತ ಚಲಿಸುವುದಕ್ಕೆ ಇನ್ನೊಂದು 30, ಕೊನೆಗೆ ಮಾಯವಾಗುವುದಕ್ಕೆ 14, ಒಟ್ಟು 86. ಗಡಿ ದಾಟಿಹೋಯಿತು. ಹಾಗೆಂದು ವಿಡಿಯೊದ ವೇಗವನ್ನು ಒಂದೂವರೆ ಪಟ್ಟು ಮಾಡುವವರಿದ್ದಾರೆ. ಮೊದಲ 2 ಸೆಕೆಂಡಿನಲ್ಲಿ ಅದನ್ನು ಮಾಡಬೇಡಿ ಎಂಬುದು ನನ್ನ ಸಲಹೆ, ಏಕೆಂದರೆ ಓಡುವ ಬೆರಳನ್ನು ಕಣ್ಣು ಹಿಂಬಾಲಿಸಲಾರದು, ಮತ್ತು ಆ ವೇಗವನ್ನೇ ನಿರೀಕ್ಷಿಸಿ ಬಂದವರಿಗೆ ನಿಜವಾದ ಆಟ ಜಡವೆನಿಸುತ್ತದೆ.

ಇದಕ್ಕೆ ಸರಳ ಪರಿಹಾರವೆಂದರೆ ನಡೆಯ ನಡುವಿನಿಂದ ಆರಂಭಿಸುವುದು. ಟ್ರೇಯಲ್ಲಿ ಆಗಲೇ 6 ತಟ್ಟೆಗಳಿರಲಿ: 2 ಇಡ್ಲಿ, 2 ವಡೆ, 1 ದೋಸೆ, 1 ಕೇಸರಿಬಾತು. ಉಳಿದಿರುವುದು ಒಂದೇ ಮನೆ. ರಾಶಿಯ ಮೇಲೆ, ಯಾವ ತಟ್ಟೆಯೂ ಮುಚ್ಚದಂತೆ, ಮೂರನೆಯ ಇಡ್ಲಿ ತಟ್ಟೆ ಬಿದ್ದಿರಲಿ. ಈಗ ಒಂದೇ ಸ್ಪರ್ಶದಲ್ಲಿ ಎರಡು ಸಂಗತಿಗಳು ಕಾಣುತ್ತವೆ: ಮೂರು ಕೂಡಿದರೆ ಹೋಗುತ್ತದೆ ಎಂಬ ನಿಯಮ, ಕೂಡದಿದ್ದರೆ ಟ್ರೇ ತುಂಬಿಹೋಗುತ್ತಿತ್ತು ಎಂಬ ಅಪಾಯ. ಇದು ಕೃತಕವಾಗಿ ಹೊಂದಿಸಿದ ಸ್ಥಿತಿಯಲ್ಲ, ಯಾವ ಆಟಗಾರನೂ ಆಡುತ್ತ ಆಡುತ್ತ ತಲುಪಬಹುದಾದದ್ದು. ನೀವು ನಾಲ್ಕೈದು ಸಲ ಆಡಿದರೆ ಅದಾಗಿಯೇ ಒದಗುತ್ತದೆ. ಡೆವಲಪರ್ ಆದ್ದರಿಂದ ಆ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಮತ್ತೆ ಮತ್ತೆ ಅಲ್ಲಿಂದಲೇ ರೆಕಾರ್ಡ್ ಮಾಡುವ ಅನುಕೂಲವೂ ನಿಮಗಿದೆ.

ಈ 60 ಫ್ರೇಮುಗಳನ್ನು ನಾನು ಹೀಗೆ ಬರೆಯುತ್ತೇನೆ. 0ಯಿಂದ 12ರವರೆಗೆ ಟ್ರೇಯೂ ರಾಶಿಯೂ ನಿಶ್ಚಲ. 6ನೇ ಫ್ರೇಮಿಗೆ ಬೆರಳು ಬಲಗಡೆಯಿಂದ ಪ್ರವೇಶಿಸುತ್ತದೆ, 12ಕ್ಕೆ ಇಡ್ಲಿಯನ್ನು ಮುಟ್ಟುತ್ತದೆ. 12ರಿಂದ 26ರವರೆಗೆ ತಟ್ಟೆಯ ಹಾರಾಟ. 26ರಿಂದ 40ರವರೆಗೆ ಮೂರು ಇಡ್ಲಿ ತಟ್ಟೆಗಳು ಕೂಡಿ ಗಿರಾಕಿಯ ಕಡೆ ಹೋಗುತ್ತವೆ, ಟ್ರೇಯಲ್ಲಿ ಜಾಗ ತೆರೆದುಕೊಳ್ಳುತ್ತದೆ. 40ರಿಂದ 60ರವರೆಗೆ ಉಳಿದ 4 ತಟ್ಟೆಗಳು ಎಡಕ್ಕೆ ಸರಿದು ಕೂರುತ್ತವೆ, ಬೆರಳು ನಿಲ್ಲದೆ ಮುಂದಿನ ತಟ್ಟೆಯತ್ತ ಹೊರಡುತ್ತದೆ. 60ನೇ ಫ್ರೇಮು ಬೆರಳು ಗಾಳಿಯಲ್ಲಿರುವಾಗ ಬರಬೇಕು, ತಟ್ಟೆ ಮುಟ್ಟಿದಾಗಲ್ಲ. ಚಲನೆ ಅರ್ಧದಲ್ಲಿರುವಾಗ ಕಣ್ಣು ಅದರ ಗುರಿಯನ್ನು ಹುಡುಕುತ್ತದೆ.

ಮೊದಲಿನ ಆ 12 ನಿಶ್ಚಲ ಫ್ರೇಮುಗಳನ್ನು ನೋಡಿ ‘ಇಷ್ಟು ಹೊತ್ತು ಸುಮ್ಮನಿರಬೇಕೇ’ ಎಂದು ನಿಮ್ಮ ತಮ್ಮ ಕೇಳಬಹುದು. 12 ಫ್ರೇಮು ಎಂದರೆ 0.4 ಸೆಕೆಂಡ್. ನಾನೂ ಹಿಂದೆ ಅಂಧೇರಿಯ ಒಂದು ಎಡಿಟಿಂಗ್ ಕೋಣೆಯಲ್ಲಿ ಕೂತು, ಗ್ರಾಹಕರು ಅವಸರ ಮಾಡಿದರೆಂದು, ಇಂಥದ್ದನ್ನು 4 ಫ್ರೇಮಿಗೆ ಇಳಿಸಿದ್ದೆ. ಎಲ್ಲವೂ ಚುರುಕಾಗಿ ಕಂಡಿತು, ಆದರೆ ಮೊದಲ ಬಾರಿ ನೋಡಿದವರಿಗೆ ಏನು ಏತಕ್ಕೆ ಮಾಯವಾಯಿತೆಂದು ತಿಳಿಯಲಿಲ್ಲ, ಏಕೆಂದರೆ ಟ್ರೇಯಲ್ಲಿ ಎರಡು ಆಗಲೇ ಇದ್ದವೆಂಬುದನ್ನು ಅವರು ನೋಡಿರಲೇ ಇಲ್ಲ. ಕಾರಣ ಕಾಣದ ಫಲ ಬರಿಯ ಪಟಾಕಿ. ಇನ್ನೊಂದು ಸಂಗತಿ, ಕಪ್ಪಿನಿಂದ ಮೆಲ್ಲಗೆ ಬೆಳಗುವ ಆರಂಭವನ್ನು ತಪ್ಪಿಸಿ. ವಿಡಿಯೊ ತುಂಬಿಕೊಳ್ಳಲು ತಡವಾದಾಗ ಹಲವು ಕಡೆ ಮೊದಲ ಫ್ರೇಮೇ ಚಿತ್ರವಾಗಿ ನಿಂತಿರುತ್ತದೆ, ಆಗ ಅಲ್ಲಿ ಕತ್ತಲೆಯ ಬದಲು ಇಡ್ಲಿ ಇದ್ದರೆ ಒಳ್ಳೆಯದು.

ಈಗ ನಿಮ್ಮ ಆಟದ ವಿನ್ಯಾಸದಿಂದಲೇ ಬರುವ ಒಂದು ತೊಡಕಿಗೆ ಬರುತ್ತೇನೆ. ನಿಮ್ಮ ಟ್ರೇ ಪರದೆಯ ತಳದಲ್ಲಿದೆ. ಆಡುವಾಗ ಹೆಬ್ಬೆರಳಿಗೆ ಹತ್ತಿರವಿರುವುದರಿಂದ ಅದು ಸರಿಯಾದ ಜಾಗವೇ, ಆದರೆ ಜಾಹೀರಾತಿನಲ್ಲಿ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಇನ್‌ಸ್ಟಾಗ್ರಾಂ ರೀಲ್ಸ್‌ನಂಥ ಕಡೆ ಖಾತೆಯ ಹೆಸರು, ವಿವರಣೆ, ಇನ್‌ಸ್ಟಾಲ್ ಬಟನ್ ಎಲ್ಲವೂ ತಳದಲ್ಲೇ ಬಂದು ಕೂರುತ್ತವೆ. ಅದಕ್ಕಾಗಿ ಪರದೆಯ ಮೇಲಿನ ಶೇ. 14, ಕೆಳಗಿನ ಶೇ. 35, ಎರಡು ಬದಿಗಳ ಶೇ. 6ರಷ್ಟು ಜಾಗದಲ್ಲಿ ಮುಖ್ಯವಾದದ್ದನ್ನು ಇಡಬೇಡಿ ಎಂದು ಮೆಟಾದ ಮಾರ್ಗಸೂಚಿ ಹೇಳುತ್ತದೆ. 1080x1920 ಅಳತೆಯ ವಿಡಿಯೊದಲ್ಲಿ ಇದು ಮೇಲೆ ಸುಮಾರು 269, ಕೆಳಗೆ 672 ಪಿಕ್ಸೆಲ್. ಉಳಿಯುವುದು ನಡುವಿನ 979 ಸಾಲು ಮಾತ್ರ. ಅಂದರೆ ನಿಮ್ಮ ಟ್ರೇ, ಯಾವುದರ ಮೇಲೆ ಇಡೀ ನಡೆ ನಿಂತಿದೆಯೋ ಅದೇ, ಬಟನ್ನಿನ ಹಿಂದೆ ಅಡಗಿರುತ್ತದೆ. ಈಗಿನ ಜಾಹೀರಾತಿನಲ್ಲಿ 6ನೇ ಸೆಕೆಂಡಿನವರೆಗೆ ಕಾದವರಿಗೂ ಬಹುಶಃ ಅದು ಕಂಡಿರಲಾರದು.

ಹಲವು ಫೋನುಗಳ ಪರದೆ ಈಗ 1080x2400, ಅಂದರೆ ಜಾಹೀರಾತಿನ ಅಳತೆಗಿಂತ ಉದ್ದ. ಆ ರೆಕಾರ್ಡಿಂಗಿನಲ್ಲಿ ರಾಶಿಯ ಕೆಳಭಾಗದಿಂದ ಟ್ರೇಯ ಅಂಚಿನವರೆಗೆ, ಉದಾಹರಣೆಗೆ 1100ನೇ ಸಾಲಿನಿಂದ 2250ನೇ ಸಾಲಿನವರೆಗೆ, 1150 ಸಾಲು ಬೇಕೆಂದಿಟ್ಟುಕೊಳ್ಳಿ. ಅದನ್ನು ಶೇ. 85ಕ್ಕೆ ಕುಗ್ಗಿಸಿದರೆ ಎತ್ತರ ಸುಮಾರು 978 ಆಗುತ್ತದೆ, ನಡುವಿನ ಸುರಕ್ಷಿತ ಜಾಗದಲ್ಲಿ ಕೂದಲೆಳೆಯಷ್ಟರಲ್ಲಿ ಕೂರುತ್ತದೆ; ಅಗಲ 918 ಆಗಿ, ಎರಡೂ ಬದಿಗಳಲ್ಲಿ 81 ಪಿಕ್ಸೆಲ್ ಉಳಿಯುತ್ತದೆ. ಆ ಅಂಚುಗಳನ್ನೂ ಮೇಲೆ ಕೆಳಗಿನ ಜಾಗವನ್ನೂ ನಿಮ್ಮ ಆಟದ ಹೋಟೆಲಿನ ಹಿನ್ನೆಲೆ ಚಿತ್ರವನ್ನೇ ಹಿಗ್ಗಿಸಿ ತುಂಬಿ, ಮಸುಕಾದ ವಿಡಿಯೊವನ್ನಲ್ಲ. ನಾಣ್ಯಗಳ ಲೆಕ್ಕ, ಪ್ರಾಣಗಳ ಲೆಕ್ಕ, ಸೆಟ್ಟಿಂಗಿನ ಚಕ್ರ ಇವೆಲ್ಲ ಈ ಕತ್ತರಿಯಲ್ಲಿ ತಾವಾಗಿಯೇ ಹೊರಬೀಳುತ್ತವೆ, ಅದರಿಂದ ನಷ್ಟವಿಲ್ಲ. ಅಂದ ಹಾಗೆ ನಿಮ್ಮ ನಾಣ್ಯದ ಮೇಲೆ ರೂಪಾಯಿಯ ಗುರುತಿದ್ದರೆ ಅದನ್ನು ಆಟದಿಂದಲೇ ತೆಗೆದುಬಿಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ನಿಮ್ಮದು ಅಂಥ ಆಟವಲ್ಲದಿದ್ದರೂ ಆ ಗುರುತಿನಿಂದ ಅನಗತ್ಯ ಅನುಮಾನಕ್ಕೆ ದಾರಿಯಾಗಬಾರದು.

ಯಾವ ಲೆವೆಲನ್ನು ರೆಕಾರ್ಡ್ ಮಾಡಬೇಕೆಂಬುದು ಸೌಂದರ್ಯದ ಪ್ರಶ್ನೆಯಲ್ಲ. ಡೆವಲಪರುಗಳಿಗೆ ತಮ್ಮ 60ನೇ ಲೆವೆಲ್ ಮೇಲೆ ಪ್ರೀತಿ, ಏಕೆಂದರೆ ಅಲ್ಲಿ ತಟ್ಟೆಗಳ ಬಗೆ ಹೆಚ್ಚು, ಬಣ್ಣ ಹೆಚ್ಚು. ಹೊಸದಾಗಿ ಇನ್‌ಸ್ಟಾಲ್ ಮಾಡಿದವರು ಮೊದಲ ಬಾರಿ ಕೂತಾಗ ಆಡಿ ಮುಗಿಸುವ ಲೆವೆಲುಗಳಲ್ಲೇ ಒಂದನ್ನು, ನಿಮ್ಮಲ್ಲಿ ಬಹುಶಃ 5ರಿಂದ 8ರ ನಡುವಿನದನ್ನು, ಆರಿಸಿಕೊಳ್ಳಿ. ಹೊಸ ಖಾತೆಯಿಂದ, ಪ್ಲೇ ಸ್ಟೋರಿಗೆ ಬಿಟ್ಟಿರುವ ಆವೃತ್ತಿಯಲ್ಲೇ ಆಡಿ. ನೋಡಿದ್ದನ್ನು ಹತ್ತು ನಿಮಿಷದೊಳಗೆ ತಾವೇ ಮಾಡುವಂತಿದ್ದರೆ ಜನ ಮರುದಿನವೂ ಬರುತ್ತಾರೆ, ಇಲ್ಲದಿದ್ದರೆ ಮೊದಲ ದಿನವೇ ತೆಗೆದುಹಾಕುತ್ತಾರೆ, ಮತ್ತು ಆ ಇನ್‌ಸ್ಟಾಲಿಗೆ ನೀವು ಹಣ ಕೊಟ್ಟಾಗಿರುತ್ತದೆ.

‘ನಿಜವಾದ’ ಎಂಬ ಮಾತಿಗೆ ಕಾನೂನಿನ ಬೆನ್ನೂ ಇದೆ. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2020ರಲ್ಲಿ ಪ್ಲೇರಿಕ್ಸ್ ಸಂಸ್ಥೆಯ ಹೋಮ್‌ಸ್ಕೇಪ್ಸ್ ಮತ್ತು ಗಾರ್ಡನ್‌ಸ್ಕೇಪ್ಸ್ ಆಟಗಳ ಜಾಹೀರಾತುಗಳನ್ನು ದಾರಿತಪ್ಪಿಸುವಂಥವು ಎಂದು ತೀರ್ಮಾನಿಸಿತು. ಜಾಹೀರಾತಿನಲ್ಲಿ ಮೊಳೆ ಎಳೆದು ಬಿಡಿಸುವ ಒಗಟುಗಳಿದ್ದವು, ಆದರೆ ಆಟದ ಬಹುಭಾಗ ಒಂದೇ ಬಗೆಯ ಮೂರನ್ನು ಸಾಲುಗೂಡಿಸುವುದಾಗಿತ್ತು. ಅಂಥ ಒಗಟುಗಳು ಆಟದ ಕೆಲವೆಡೆ ಇದ್ದವೆಂಬುದಾಗಲಿ, ಎಲ್ಲ ಚಿತ್ರಗಳೂ ನಿಜವಾದ ಆಟದವಲ್ಲ ಎಂಬ ಬರಹವನ್ನು ಹಾಕಿದ್ದಾಗಲಿ ಸಮರ್ಥನೆಯಾಗಲಿಲ್ಲ. ನಮ್ಮಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅಡಿಟಿಪ್ಪಣಿಯ ಮೂಲಕ ಮುಖ್ಯ ಮಾತನ್ನು ತಿದ್ದುವಂತಿಲ್ಲ, ಮತ್ತು ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು ಎಂಬುದು ಅದರಲ್ಲಿದೆ. ಕನ್ನಡದ ಜಾಹೀರಾತಿನ ತಳದಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಎಡಿಟಿಂಗಿನಲ್ಲಿ ಏನೇನು ಮಾಡಬಹುದು? ನಾನು ಇಟ್ಟುಕೊಂಡಿರುವ ಗೆರೆ ಇದು: ಪರದೆಯನ್ನು ಹಿಗ್ಗಿಸಬಹುದು, ಕತ್ತರಿಸಬಹುದು, ಎರಡು ನಡೆಗಳ ನಡುವಿನ ಕಾಯುವಿಕೆಯನ್ನು ತೆಗೆದುಹಾಕಬಹುದು, ಬೆರಳಿನ ಚಿತ್ರ ಸೇರಿಸಬಹುದು. ಆಟದಲ್ಲಿ ಇಲ್ಲದ ತಟ್ಟೆ, ಇಲ್ಲದ ನಿಯಮ, ಆ ನಡೆಗೆ ಬಾರದ ಬಹುಮಾನ ಇವನ್ನು ಸೇರಿಸಬಾರದು. ಇಡ್ಲಿ ಮಾಯವಾದಾಗ ನಿಮ್ಮ ಆಟದಲ್ಲಿ ಸಣ್ಣ ಆವಿ ಏಳುತ್ತದೆ ಎಂದಾದರೆ ಜಾಹೀರಾತಿನಲ್ಲೂ ಆವಿಯೇ ಏಳಲಿ, ನಕ್ಷತ್ರಗಳ ಮಳೆ ಬೇಡ. ಆವಿ ಸಪ್ಪೆಯಾಗಿ ಕಾಣುತ್ತಿದೆ ಎನಿಸಿದರೆ ಅದನ್ನು ಆಟದಲ್ಲೇ ಚೆನ್ನಾಗಿಸಿ ಆಮೇಲೆ ರೆಕಾರ್ಡ್ ಮಾಡಿ. ಜಾಹೀರಾತಿಗೆ ಕೂತಾಗ ಆಟದ ಸಪ್ಪೆ ಜಾಗಗಳು ಹೀಗೆ ಎದ್ದು ಕಾಣುವುದು ನನ್ನ ಅನುಭವದಲ್ಲಿ ಹಲವು ಸಲ ಆಗಿದೆ.

ರೆಕಾರ್ಡಿಂಗಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಆದರೆ ಒಂದು ಎಡವಟ್ಟು ತಪ್ಪದೆ ಆಗುತ್ತದೆ. ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಈ ಆದೇಶಗಳಿಂದ ರೆಕಾರ್ಡ್ ಮಾಡಬಹುದು:

```
adb shell settings put system show_touches 1
adb shell screenrecord --bit-rate 20000000 --time-limit 90 /sdcard/tatte.mp4
adb pull /sdcard/tatte.mp4
ffmpeg -i tatte.mp4 -vf fps=30 -crf 16 tatte30.mp4
```

ಮೊದಲ ಸಾಲು ಬೆರಳು ಮುಟ್ಟಿದಲ್ಲಿ ಸಣ್ಣ ಬಿಳಿಯ ಚುಕ್ಕೆ ತೋರಿಸುತ್ತದೆ. ಫೀಡಿನಲ್ಲಿ ಆ ಚುಕ್ಕೆ ಯಾರ ಕಣ್ಣಿಗೂ ಬೀಳದು, ಅದನ್ನು ಗುರುತಾಗಿ ಇಟ್ಟುಕೊಂಡು ಅದರ ಮೇಲೆ ಬೆರಳಿನ ಚಿತ್ರವನ್ನು ಕೂರಿಸಿದರೆ ಸ್ಪರ್ಶ ಮತ್ತು ಫಲ ಒಂದು ಫ್ರೇಮೂ ಆಚೀಚೆಯಾಗದೆ ಹೊಂದುತ್ತವೆ. ಕೊನೆಯ ಸಾಲನ್ನು ಓಡಿಸದೆ ಬಿಟ್ಟರೆ ಎಡವಟ್ಟು. ಫೋನಿನ ರೆಕಾರ್ಡಿಂಗಿನಲ್ಲಿ ಫ್ರೇಮುಗಳ ಅಂತರ ಸಮವಾಗಿರುವುದಿಲ್ಲ, ಪರದೆ ನಿಶ್ಚಲವಾಗಿದ್ದಾಗ ಫ್ರೇಮುಗಳು ಕಡಿಮೆ ಬರುತ್ತವೆ. ಹಾಗೆಯೇ ಎಡಿಟಿಂಗಿಗೆ ಹಾಕಿದರೆ ನಿಮ್ಮ 12 ನಿಶ್ಚಲ ಫ್ರೇಮುಗಳ ಲೆಕ್ಕ ತಪ್ಪುತ್ತದೆ, ಆಮೇಲೆ ಜೋಡಿಸುವ ಧ್ವನಿ ಹಿಂದೆ ಮುಂದೆ ಸರಿಯುತ್ತದೆ. ಈ ರೆಕಾರ್ಡಿಂಗಿನಲ್ಲಿ ಧ್ವನಿ ಬರುವುದೂ ಇಲ್ಲ, ಆಟದ ಧ್ವನಿಯ ಕಡತಗಳನ್ನು ಬೇರೆಯಾಗಿ ಜೋಡಿಸಬೇಕು. ಅದೇ ಧ್ವನಿಗಳನ್ನೇ ಬಳಸಿ. ಫೋನಿಗೆ ಬರುವ ಸಂದೇಶಗಳನ್ನು ನಿಲ್ಲಿಸಿಡುವುದನ್ನೂ ಮರೆಯಬೇಡಿ. ಮಾಟುಂಗದ ಮಿತ್ರರೊಬ್ಬರ ಚೆನ್ನಾದ ಒಂದು ರೆಕಾರ್ಡಿಂಗ್ ಗ್ಯಾಸ್ ಸಿಲಿಂಡರಿನ ಸಂದೇಶದಿಂದ ಹಾಳಾಯಿತು.

ಧ್ವನಿ ಇಲ್ಲದೆಯೂ ಅರ್ಥವಾಗಬೇಕು ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯಿರಿ. ಠಾಣೆಯಿಂದ ದಾದರಿಗೆ ಲೋಕಲ್ ಹತ್ತಿದವರು ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಫೋನು ಸರಿಸುವುದನ್ನು ನೋಡಿದರೆ ಸಾಕು, ಯಾರೂ ಧ್ವನಿ ಹಾಕಿರುವುದಿಲ್ಲ. ಬರಹ ಬೇಕಿದ್ದರೆ ಮೊದಲ 2 ಸೆಕೆಂಡಿನಲ್ಲಿ ಮೂರು ಪದ, ಹೆಚ್ಚೆಂದರೆ ನಾಲ್ಕು. ‘ಒಂದೇ ಮನೆ ಬಾಕಿ’ ಎಂಬುದು ನಿಮ್ಮ ಸ್ಥಿತಿಗೆ ಸರಿಹೊಂದುತ್ತದೆ, ಏಕೆಂದರೆ ಪರದೆಯಲ್ಲಿ ಏನನ್ನು ಗಮನಿಸಬೇಕೋ ಅದನ್ನೇ ಹೇಳುತ್ತದೆ. ‘ನಿಮ್ಮ ಬುದ್ಧಿಗೆ ಸವಾಲು’ ಎಂಬಂಥದ್ದು ಯಾವ ಆಟಕ್ಕೂ ಹೊಂದುವುದರಿಂದ ಯಾವ ಆಟವನ್ನೂ ತೋರಿಸುವುದಿಲ್ಲ. ಮರಾಠಿ, ಹಿಂದಿ ಆವೃತ್ತಿಗಳನ್ನು ಮಾಡಿದ ಮೇಲೆ ಅದೇ ಅಚ್ಚಿನಲ್ಲಿ ಕನ್ನಡ ಸಾಲನ್ನು ಸುರಿಯಬೇಡಿ. ದೇವನಾಗರಿಯ ಸಾಲಿಗೆ ಸಾಕಾಗುವ ಎತ್ತರ ನಮ್ಮ ಒತ್ತಕ್ಷರಗಳಿಗೆ ಸಾಲದು. ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಹಾಕಿದರೆ ‘ಇಡ್ಲಿ’ಯ ಕೆಳಗಿನ ಲಕಾರದ ಒತ್ತು ಮಸಿಯ ಚುಕ್ಕೆಯಾಗುತ್ತದೆ. ಅಂಚಿನ ಬದಲು ಬರಹದ ಹಿಂದೆ ಗಟ್ಟಿ ಬಣ್ಣದ ಪಟ್ಟಿ ಇಡಿ. ಅಡೋಬಿಯ ಕೆಲವು ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಹಾಕದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ, ಕನ್ನಡ ಬಾರದ ಎಡಿಟರಿಗೆ ಅದು ತಪ್ಪೆಂದು ಕಾಣುವುದೂ ಇಲ್ಲ.

ಮೊದಲ 2 ಸೆಕೆಂಡಿನ ನಂತರದ ಭಾಗದಲ್ಲಿ ನಿಮಗೆ ಹೆಚ್ಚು ಸ್ವಾತಂತ್ರ್ಯವಿದೆ. 2ರಿಂದ 8ನೇ ಸೆಕೆಂಡಿನವರೆಗೆ ಅದೇ ಆಟವನ್ನು ಕಡಿಯದೆ ಮುಂದುವರಿಸಿ, ಬೆರಳು ಒಂದು ತಪ್ಪು ಮಾಡಲಿ: ಮೂರನೆಯ ವಡೆ ಕಣ್ಣೆದುರಿಗೇ ಇರುವಾಗ ಕೇಸರಿಬಾತನ್ನು ಎತ್ತಿಕೊಳ್ಳಲಿ. ನೋಡುವವರಿಗೆ ‘ಅಯ್ಯೋ, ಅದಲ್ಲ’ ಎನಿಸುತ್ತದೆ, ತಾನಾದರೆ ಸರಿಯಾಗಿ ಮಾಡುತ್ತಿದ್ದೆ ಎಂಬ ಆ ಚಡಪಡಿಕೆಯೇ ಇನ್‌ಸ್ಟಾಲ್ ಬಟನ್ನಿನ ಕಡೆಗೆ ಕೈಯನ್ನು ಒಯ್ಯುತ್ತದೆ. ಈ ಉಪಾಯವನ್ನು ಅತಿ ಮಾಡಿ ಕೆಡಿಸಿದವರು ಬಹಳ. ಆಟಗಾರ ತೀರ ದಡ್ಡನಂತೆ ಹತ್ತು ತಪ್ಪು ಮಾಡಿದರೆ ಮೋಸವೆಂದು ತಿಳಿಯುತ್ತದೆ. ಒಂದೇ ತಪ್ಪು, ಅದೂ ಆಟದಲ್ಲಿ ನಿಜವಾಗಿ ಆಗುವಂಥದ್ದು, ಅದರ ಫಲವೂ ಆಟದಲ್ಲಿ ಆಗುವಂತೆಯೇ. ಟ್ರೇ ಮತ್ತೆ 5ಕ್ಕೆ ಏರುತ್ತದೆ.

ಇಲ್ಲಿ, 8ನೇ ಸೆಕೆಂಡಿನಲ್ಲಿ, ನಿಮ್ಮ ಮಾಲೀಕರು ಬರಲಿ. ಕಷ್ಟಪಟ್ಟು ಚಿತ್ರೀಕರಿಸಿದ್ದನ್ನು ಎಸೆಯಬೇಕಿಲ್ಲ. ಮೊದಲಲ್ಲಿ ಅವರು ಕೂಗಿದಾಗ ಏತಕ್ಕೆಂದು ಯಾರಿಗೂ ಗೊತ್ತಿರಲಿಲ್ಲ, ಈಗ ಟ್ರೇ ತುಂಬುತ್ತಿರುವುದನ್ನು ಕಂಡವರಿಗೆ ಆ ಕೂಗಿನ ಅರ್ಥ ತಿಳಿದಿರುತ್ತದೆ. ಗಲ್ಲಾದಿಂದ ತಲೆಯೆತ್ತಿ ‘ಆ ಮೂರನೇ ಟೇಬಲಿನ ವಡೆ ಎಲ್ಲಿ ಮಾರಾಯ?’ ಎಂದು ಒಂದೂವರೆ ಸೆಕೆಂಡಿನಲ್ಲಿ ಹೇಳಿ ಮುಗಿಸಲಿ, ಮಾತು ಬರಹದಲ್ಲೂ ಕಾಣಲಿ. ಮರಳಿ ಆಟ, ಬೆರಳು ವಡೆಯನ್ನು ಮುಟ್ಟುತ್ತದೆ, ಮೂರು ವಡೆ ಹೋಗುತ್ತವೆ, ಒಂದಾದ ಮೇಲೊಂದು ಮೂರು ತಟ್ಟೆಗಳ ಇನ್ನೆರಡು ಗುಂಪುಗಳು ಕೂಡಿ 16ನೇ ಸೆಕೆಂಡಿನ ಹೊತ್ತಿಗೆ ರಾಶಿ ಕರಗುತ್ತದೆ. 17ರಿಂದ 20ರವರೆಗೆ ಎಂಡ್ ಕಾರ್ಡ್: ಆಟದ ಚಿಹ್ನೆ, ಹೆಸರು, ಪ್ಲೇ ಸ್ಟೋರಿನ ಗುರುತು. ನಿಮ್ಮ ಲೋಗೊಗೆ ಜಾಗ ಇದು.

ಗೂಗಲ್ ಪ್ಲೇಯ ನಿಮ್ಮ ಪುಟದಲ್ಲಿರುವ ಚಿತ್ರಗಳಲ್ಲಿ ಮೊದಲನೆಯದು ಇದೇ ಟ್ರೇ ಇದೇ ರಾಶಿ ಆಗಿರಲಿ. ಜಾಹೀರಾತನ್ನು ಒತ್ತಿ ಬಂದವರಿಗೆ ಅಲ್ಲಿ ಮಾಲೀಕರ ನಗುಮುಖ ಮಾತ್ರ ಕಂಡರೆ ಬೇರೆಲ್ಲಿಗೋ ಬಂದೆವೆಂದು ಹಿಂದಿರುಗುತ್ತಾರೆ. ಮುಂದೆ ಐಫೋನಿಗೂ ತಂದರೆ, ಆಪಲ್ ತನ್ನ ಅಂಗಡಿಯ ಮುನ್ನೋಟ ವಿಡಿಯೊಗಳಲ್ಲಿ ಆಪ್‌ನ ಒಳಗಿನ ರೆಕಾರ್ಡಿಂಗ್ ಮಾತ್ರ ಇರಬೇಕೆಂದು ಹೇಳುತ್ತದೆ, ಆದ್ದರಿಂದ ಮಾಲೀಕರಿಲ್ಲದ ಒಂದು ಆವೃತ್ತಿಯನ್ನು ಈಗಲೇ ತೆಗೆದಿಡಿ. ಬೇರೆ ಆಟಗಳ ನಡುವೆ ಬಹುಮಾನಕ್ಕಾಗಿ ನೋಡುವ ಜಾಹೀರಾತುಗಳ ಮಾತು ಬೇರೆ. ಅಲ್ಲಿ ವಿಡಿಯೊ ಮುಗಿಯುವವರೆಗೆ ಬಿಡುವಂತಿಲ್ಲವಾದ್ದರಿಂದ ಜನ ಫೋನು ಕೆಳಗಿಟ್ಟು ಕಾಯುತ್ತಾರೆ, ಮೊದಲ 2 ಸೆಕೆಂಡಿಗಿಂತ ಕೊನೆಯ ಕಾರ್ಡೇ ಹೆಚ್ಚು ಕೆಲಸ ಮಾಡುತ್ತದೆ. ಆ ಎರಡು ಜಾಗಗಳ ಅಂಕಿಗಳನ್ನು ಒಟ್ಟಿಗೆ ಕೂಡಿಸಿ ನೋಡಬೇಡಿ.

ಹಣ ಹಾಕುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಮೊದಲ 2 ಸೆಕೆಂಡಿನಿಂದ 10 ಚಿತ್ರಗಳನ್ನು ತೆಗೆಯಿರಿ:

```
ffmpeg -i ad.mp4 -t 2 -vf fps=5 still_%02d.png
```

ಅವನ್ನು ಫೋನಿನಲ್ಲಿ ಸಾಲಾಗಿ ಇಟ್ಟು, ಆಟವನ್ನು ಎಂದೂ ನೋಡದ ಐದಾರು ಮಂದಿಗೆ ಒಂದೊಂದಾಗಿ ಸರಿಸಿ ತೋರಿಸಿ, ‘ಇಲ್ಲಿ ಏನು ಮಾಡಬೇಕು?’ ಎಂದಷ್ಟೇ ಕೇಳಿ. ‘ಚೆನ್ನಾಗಿದೆಯೇ’ ಎಂದು ಕೇಳಿದರೆ ನಮ್ಮವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ಒಂದೇ ಥರದ್ದು ಮೂರು ಸೇರಿಸಬೇಕು’ ಎಂಬ ಉತ್ತರ ಬಂದರೆ ಗೆದ್ದಿರಿ. ‘ತಟ್ಟೆ ತೊಳೆಯುವ ಆಟವೇ?’ ಎಂದು ಕೇಳಿದರೆ ಕೂಡುವಿಕೆ ಕಾಣುತ್ತಿಲ್ಲ. ‘ಹೋಟೆಲು ನಡೆಸುವ ಆಟ’ ಎಂದರೆ ಹಿನ್ನೆಲೆ ಮುಂದೆ ಬಂದು ಟ್ರೇ ಹಿಂದೆ ಸರಿದಿದೆ. ನಾನು ಇದನ್ನು ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಕಾಫಿಗೆ ಕೂತಾಗ ಎದುರಿನವರ ಮೇಲೆ ಮಾಡುತ್ತೇನೆ, ಯಾರೂ ಇದುವರೆಗೆ ಬೇಸರಿಸಿಲ್ಲ.

ಹಣ ಹಾಕಿದ ಮೇಲೆ ಹಳೆಯ ಜಾಹೀರಾತಿಗೆ ಹೊಸದನ್ನು ನೇರವಾಗಿ ಹೋಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹೊಸ ಸ್ಕ್ರಿಪ್ಟಿನಲ್ಲೇ ಎರಡು ಆರಂಭಗಳನ್ನು ಮಾಡಿ, ಒಂದು ಇಡ್ಲಿ ಕೂಡುವುದು, ಇನ್ನೊಂದು ಟ್ರೇ ತುಂಬಿ ಸೋಲುವುದು; 2ನೇ ಸೆಕೆಂಡಿನ ನಂತರ ಎರಡೂ ಆದಷ್ಟು ಒಂದೇ ಆಗಿರಲಿ. ಎರಡಕ್ಕೂ ಸಮನಾದ ಪ್ರದರ್ಶನ ಸಿಗುವಂತೆ ನೋಡಿಕೊಂಡು ಮೂರು ಅಂಕಿಗಳನ್ನು ಗಮನಿಸಿ: 3 ಸೆಕೆಂಡ್ ನೋಡಿದವರ ಪಾಲು, ಸಾವಿರ ಪ್ರದರ್ಶನಕ್ಕೆ ಎಷ್ಟು ಇನ್‌ಸ್ಟಾಲ್, ಮರುದಿನ ಮತ್ತೆ ತೆರೆದವರ ಪಾಲು. ಮೊದಲನೆಯದು ಏರಿ ಎರಡನೆಯದು ಏರದಿದ್ದರೆ ಕಣ್ಣು ನಿಂತಿದೆ, ಆಸೆ ಹುಟ್ಟಿಲ್ಲ. 2ರಿಂದ 8ನೇ ಸೆಕೆಂಡಿನ ಭಾಗವನ್ನು ನೋಡಿ. ಎರಡನೆಯದು ಏರಿ ಮೂರನೆಯದು ಇಳಿದರೆ ಜಾಹೀರಾತು ಹೇಳಿದ್ದೊಂದು ಆಟ ಕೊಟ್ಟದ್ದೊಂದು. ರೆಕಾರ್ಡ್ ಮಾಡಿದ ಲೆವೆಲಿನಲ್ಲೋ ವೇಗದಲ್ಲೋ ಎಲ್ಲೋ ಸುಳ್ಳು ನುಸುಳಿದೆ.

ಚಿಕ್ಕ ಅಂಕಿಗಳ ಮೇಲೆ ತೀರ್ಪು ಕೊಡುವ ಆತುರ ಬೇಡ. ಒಂದು ಆರಂಭಕ್ಕೆ 40, ಇನ್ನೊಂದಕ್ಕೆ 52 ಇನ್‌ಸ್ಟಾಲ್ ಬಂದರೆ ಎರಡನೆಯದು ಗೆದ್ದಂತೆ ಕಾಣುತ್ತದೆ. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯಿರಿ, 92ರ ವರ್ಗಮೂಲ ಸುಮಾರು 9.6, ಕೇವಲ ಆಕಸ್ಮಿಕದಿಂದ ಎರಡರ ನಡುವೆ ಅಷ್ಟು ಅಂತರ ಸುಲಭವಾಗಿ ಬರುತ್ತದೆ. ನಿಮ್ಮ ಅಂತರ 12, ಅದರಿಂದ ಏನನ್ನೂ ಹೇಳಲಾಗದು. ಅದೇ ಪ್ರಮಾಣದಲ್ಲಿ 160 ಮತ್ತು 208 ಆಗುವವರೆಗೆ ಕಾದರೆ ಅಂತರ 48, ವರ್ಗಮೂಲ ಸುಮಾರು 19, ಎರಡೂವರೆ ಪಟ್ಟು. ಆಗ ನಂಬಬಹುದು. ನಿಮ್ಮಂಥ ಇಬ್ಬರ ತಂಡಕ್ಕೆ ಅಷ್ಟು ಇನ್‌ಸ್ಟಾಲಿನ ಖರ್ಚು ಹೊರೆಯೇ ಸರಿ, ಆದ್ದರಿಂದಲೇ ಐದು ಆರಂಭಗಳನ್ನು ಒಟ್ಟಿಗೆ ಓಡಿಸದೆ ಎರಡಕ್ಕೆ ನಿಲ್ಲಿಸಿ ಎನ್ನುತ್ತಿದ್ದೇನೆ. ಇಡ್ಲಿಯ ಆರಂಭವೂ ಸೋಲಿನ ಆರಂಭವೂ ಸಮವಾಗಿ ಬಂದರೆ ಇಡ್ಲಿಯದನ್ನೇ ಇಟ್ಟುಕೊಂಡು, ಮುಂದಿನ ಸುತ್ತಿನಲ್ಲಿ ಅದರ ಎದುರಿಗೆ ದೋಸೆಯನ್ನು ನಿಲ್ಲಿಸಿ ನೋಡಿ. ಬಿಳಿಯ ತಟ್ಟೆಯ ಮೇಲಿನ ಬಿಳಿಯ ಇಡ್ಲಿಗಿಂತ ಕೆಂಪಗೆ ಬೆಂದ ದೋಸೆ ಸಣ್ಣ ಪರದೆಯಲ್ಲಿ ಬೇಗ ಗುರುತಾಗುತ್ತದೆ ಎಂಬುದು ನನ್ನ ಊಹೆ.